ಹುಬ್ಬಿನ ಟೀಚರ್

ಮಳಖೇಡದಲ್ಲಿ ಬಸ್ ಇಳಿದು "ಬ್ಯೂಟಿ ಅಕಾಡೆಮಿ ಎಲ್ಲಿ?" ಅಂತ ಕೇಳಿದರೆ ಚಹಾದಂಗಡಿಯವನು ಮುಖ ನೋಡುತ್ತಾನೆ. "ಹುಬ್ಬಿನ ಟೀಚರ್ ಮನಿ" ಅಂದರೆ ಸಾಕು, ಲೋಟ ತೊಳೆಯುತ್ತಲೇ ಗದ್ದದಿಂದ ದಾರಿ ತೋರಿಸುತ್ತಾನೆ.

ಮಹಾದೇವಿಗೆ ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಅವಳ ಅತ್ತೆ ಗುರುಬಾಯಿಯೇ ಇರಬೇಕು ಅಂತ ಓಣಿಯವರ ಗುಮಾನಿ. ಸೊಸೆ ಕಲಬುರಗಿಗೆ ಹೋಗಿ, ಬ್ಯಾಂಕಿನವರು ನಡೆಸುವ ತರಬೇತಿ ಕೇಂದ್ರದಲ್ಲಿ ಒಂದು ತಿಂಗಳು ಇದ್ದು ಪಾರ್ಲರ್ ಕೆಲಸ ಕಲಿತು ಬಂದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಹುಬ್ಬಿನ ಕೂದಲ ಕೀಳ್ಲಾಕ ಮಂದಿ ರೊಕ್ಕ ಕೊಡ್ತಾರೇನ?"

ಕೊಟ್ಟರು. ಮೊದಲು ಇಪ್ಪತ್ತು ರೂಪಾಯಿ, ಅದೂ ಸಾಲ ಹೇಳಿ.

ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸದವನು. ಮನೆಯ ಮುಂದಿನ ಕೋಣೆಯಲ್ಲಿ ತೊಗರಿ ಚೀಲ ಇಡುತ್ತಿದ್ದರು. ಚೀಲಗಳನ್ನು ಒಳಗೆ ಸರಿಸಿ, ಶಹಾಬಾದ್ ಕಲ್ಲಿನ ನೆಲ ತೊಳೆದು, ಮದುವೆಯಲ್ಲಿ ಬಂದ ಅಲ್ಮಾರಿಯನ್ನು ಅಲ್ಲಿಗೆ ತಂದರು. ಅಲ್ಮಾರಿಗೆ ಕನ್ನಡಿ ಇತ್ತಲ್ವಾ, ಅದೇ ಪಾರ್ಲರಿನ ಕನ್ನಡಿ. ಕುರ್ಚಿ ಪ್ಲಾಸ್ಟಿಕ್ಕಿನದು. ತಲೆ ಹಿಂದಕ್ಕೆ ಒರಗಿಸಲು ಗೋಡೆಗೆ ಒಂದು ದಿಂಬು ಕಟ್ಟಿದ್ದಳು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಾಗಿಲು ತೆಗೆಯುವ ಹಾಗಿಲ್ಲ, ಹೊರಗೆ ಗಂಡಸರ ಓಡಾಟ. ಒಳಗೆ ಕೂತವರ ಮುಖದ ಪೌಡರ್ ಬೆವರಿಗೆ ಕರಗಿ ಹಿಟ್ಟಾಗುತ್ತಿತ್ತು.

ಮದುವೆ ಸೀಜನ್ನಿನಲ್ಲಿ ಒಬ್ಬಳಿಗೇ ಕೈ ಸಾಲದೆ ಹೋದಾಗ ಪಕ್ಕದ ಓಣಿಯ ರೇಷ್ಮಾಳನ್ನು ಕರೆದುಕೊಂಡಳು. ಹತ್ತನೇ ಕ್ಲಾಸ್ ಫೇಲಾಗಿ ಮನೆಯಲ್ಲಿ ಕೂತಿದ್ದ ಹುಡುಗಿ. ಚುರುಕು ಅಂದರೆ ಚುರುಕು, ಸಿಟ್ಟೂ ಅಷ್ಟೇ.

"ಮೊದಲ ನಿನ್ನ ಕಾಲಿನ ಮ್ಯಾಲ ಮಾಡು," ಅಂದಳು ಮಹಾದೇವಿ.

ಥ್ರೆಡಿಂಗ್ ಕಲಿಯುವವರ ಮೊದಲ ಗಿರಾಕಿ ತಮ್ಮದೇ ಮೀನಖಂಡ. ಪೌಡರ್ ಹಚ್ಚಬೇಕು, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಬೇಕು, ಎರಡೂ ಕೈಯಲ್ಲಿ ದಾರ ಹಿಡಿದು ನಡುವೆ ಏಳೆಂಟು ಸುತ್ತು ಹಾಕಬೇಕು. ಬೆರಳು ಅಗಲಿಸಿದಾಗ ಆ ಸುತ್ತು ಓಡುತ್ತದೆ, ಕೂದಲನ್ನು ಹಿಡಿದು ಕೀಳುತ್ತದೆ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಹೋಗಬೇಕು. ಚರ್ಮ ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಕೂದಲ ಬದಲು ಚರ್ಮವೇ ಸಿಕ್ಕಿ ರಕ್ತ ಬರುತ್ತದೆ. ರೇಷ್ಮಾಳ ಕಾಲ ಮೇಲೆ ಕೆಂಪು ಗೀರು ಎದ್ದವು. ದಾರ ಪಟಪಟ ಹರಿಯಿತು. ಉಂಡೆ ಎಸೆದು ಎದ್ದುಹೋದಳು, ಮರುದಿನ ಬಂದಳು, ಮತ್ತೆ ಎಸೆದಳು.

ಮಹಾದೇವಿ ಏನೂ ಅನ್ನದೆ ಉಂಡೆ ಎತ್ತಿಕೊಂಡು ದಾರದ ತುದಿ ಹುಡುಕಿ ಕೈಗೆ ಕೊಡುತ್ತಿದ್ದಳು. ಪೂರ್ತಿ ಹುಬ್ಬು ಮಾಡಲು ಬಿಡುವ ಮುಂಚೆ ಎರಡು ಹುಬ್ಬಿನ ನಡುವಿನ ಜಾಗ ಮಾತ್ರ ಮಾಡಲು ಕೊಟ್ಟಳು. ಅಲ್ಲಿ ತಪ್ಪಾದರೆ ಯಾರಿಗೂ ಕಾಣಲ್ಲ. ಆಮೇಲೆ ಹಣೆ, ಆಮೇಲೆ ಮೇಲ್ತುಟಿ. ಹುಬ್ಬಿನ ಕಮಾನು ಕಟ್ಟಕಡೆಗೆ.

ಎರಡು ವರ್ಷ ಆದಮೇಲೆ ರೇಷ್ಮಾ ಬಸ್‌ಸ್ಟ್ಯಾಂಡ್ ಎದುರು ತನ್ನದೇ ಪಾರ್ಲರ್ ಹಾಕಿದಳು. ಹೇಳಲೂ ಇಲ್ಲ. ಇಲ್ಲಿ ಮೂವತ್ತಾದರೆ ಅಲ್ಲಿ ಇಪ್ಪತ್ತು. ನಿಜವಾದ ಪಾರ್ಲರ್ ಕುರ್ಚಿ, ದೀಪ ಇರುವ ಕನ್ನಡಿ. ಕಾಲೇಜು ಹುಡುಗಿಯರೆಲ್ಲ ಆ ಕಡೆ ಹೊರಟರು.

ಗುರುಬಾಯಿ ಓಣಿಗೆಲ್ಲ ಕೇಳುವ ಹಾಗೆ ಬೈದಳು. ಮಹಾದೇವಿ ಬೈಯಲಿಲ್ಲ, ಆದರೆ ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಅದು ಬೈಗುಳಕ್ಕಿಂತ ಜಾಸ್ತಿ, ನನ್ನ ಕೇಳಿದರೆ.

ಆಷಾಢ ಬಂತು. ಮದುವೆ ಇಲ್ಲ, ಗಿರಾಕಿ ಇಲ್ಲ. ಕಾಗಿಣಾ ನದಿ ತುಂಬಿ ಸೇತುವೆ ಮೇಲೆ ನೀರು ಬಂದು ರಸ್ತೆ ಬಂದಾದ ಒಂದು ದಿನ, ಎರಡೂ ಪಾರ್ಲರ್ ಖಾಲಿ ಇದ್ದಾಗ, ರೇಷ್ಮಾ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ನಾಲ್ಕು ಹುಡುಗಿಯರು, ತೊಯ್ದ ದುಪಟ್ಟಾ ಹಿಂಡುತ್ತ.

"ಅಕ್ಕಾ, ಇವರು ಕಲೀತೀವಿ ಅಂತ ಜೀವ ತಿನ್ಲಾಕತ್ತಾರ. ಒಂದು ವಾರ ಕಲಿಸಿದೆ. ನನಗ ಆಗಲ್ಲ."

"ಯಾಕ? ಕೆಲಸ ಬರ್ತದಲ್ಲ ನಿನಗ."

"ಕೆಲಸ ಬರ್ತದ. ಅವರು ದಾರ ಹರಿದ್ರ ಕೈ ಮ್ಯಾಲ ಹೊಡಿಬೇಕು ಅನಸ್ತದ. ನಿನ್ನೆ ಒಬ್ಬಾಕಿಗಿ ಹೊಡದೇಬಿಟ್ಟೆ." ಹಿಂದಿನ ಹುಡುಗಿಯೊಬ್ಬಳು ಹೌದೆಂದು ಕೈ ಎತ್ತಿ ತೋರಿಸಿದಳು. "ನೀವು ನನಗ ಬೈಲಾರದ ಹೆಂಗ ಕಲಿಸಿದ್ರಿ?"

"ಬೈದೀನಿ. ಮನಸಿನಾಗ."

ಒಳಗಿನಿಂದ ಗುರುಬಾಯಿ ಹೊರಗೆ ಬಂದಳು. ಈಗ ಜಗಳ ಶುರು ಅಂತ ಎಲ್ಲರೂ ಉಸಿರು ಹಿಡಿದರು. ಆಕೆ ನಾಲ್ಕೂ ಹುಡುಗಿಯರನ್ನು ಎಣಿಸಿದಳು, ಸೊಸೆಯ ಕಡೆ ತಿರುಗಿದಳು.

"ಮೊದಲನೇದಾಕಿಗಿ ಪುಕ್ಕಟ ಕಲಿಸಿ ಏನಾಯ್ತು ನೋಡಿದಿಲ್ಲ? ಈ ಸಲ ರೊಕ್ಕ ತಗೊ."

ಅಕಾಡೆಮಿ ಶುರುವಾಗಿದ್ದು ಹೀಗೆ. ಬ್ಯಾನರ್, ರಿಬ್ಬನ್ ಏನೂ ಇಲ್ಲ. ತಲೆಗೆ ಸಾವಿರ ರೂಪಾಯಿ, ಎರಡು ಕಂತಿನಲ್ಲಿ.

2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆಯ್ತು. ಸೇಡಂ, ಚಿತ್ತಾಪುರ ಕಡೆಯ ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ ಬರತೊಡಗಿದರು. ಮೊದಲಾದರೆ ಹೋಗಿ ಬರುವ ಚಾರ್ಜು ಕೇಳಿಯೇ ಅಪ್ಪಂದಿರು ಬೇಡ ಅನ್ನುತ್ತಿದ್ದರು. ಸ್ವಸಹಾಯ ಸಂಘದಿಂದ ಒಂದು ಸಾಲ, ಮುದ್ರಾದಲ್ಲಿ ಇನ್ನೊಂದು. ಬ್ಯಾಂಕಿನ ಕಥೆ ಹೇಳುತ್ತ ಕೂತರೆ ಅದೇ ಒಂದು ಪುರಾಣವಾಗುತ್ತದೆ, ಬಿಡಿ. ಮನೆ ಮೇಲೆ ತಗಡಿನ ಶೆಡ್ ಎದ್ದಿತು, ಆರು ಕುರ್ಚಿ ಬಂದವು. ತೊಗರಿ ಚೀಲ ಮತ್ತೆ ತಮ್ಮ ಕೋಣೆಗೆ ಬಂದವು.

ಈಗ ಒಂದು ಬ್ಯಾಚಿಗೆ ಹನ್ನೆರಡು ಜನ. ಮಹಾದೇವಿಯ ಕಾಯಿದೆ ಬಹಳ. ವ್ಯಾಕ್ಸ್ ಬಿಸಿಯನ್ನು ಮೊದಲು ನಿನ್ನ ಮಣಿಕಟ್ಟಿನ ಮೇಲೆ ನೋಡು. ಬ್ಲೀಚ್ ಹಚ್ಚುವ ಮುಂಚೆ ಮೊಣಕೈ ಒಳಗೆ ಒಂಚೂರು ಹಚ್ಚಿ ಕಾಯಿ. ಗಿರಾಕಿ ಅವಸರ ಮಾಡಿದರೂ ಕಾಯಿ, ಮದುಮಗಳಾದರೆ ಇನ್ನೂ ಜಾಸ್ತಿ ಕಾಯಿ. ಕಪ್ಪು ಬಣ್ಣದವರನ್ನು ಬೆಳ್ಳಗೆ ಮಾಡ್ತೀನಿ ಅಂತ ಬೋರ್ಡ್ ಹಾಕಿದರೆ ಸರ್ಟಿಫಿಕೇಟ್ ವಾಪಸ್ ತಗೋತೀನಿ. ಕಡೆಯ ಮಾತಿಗೆ ಹುಡುಗಿಯರು ನಗುತ್ತಾರೆ. ಅವಳು ನಗುವುದಿಲ್ಲ.

ಮದುಮಗಳ ಮೇಕಪ್ ಮಾತ್ರ ಅವಳಿಗಿಂತ ರೇಷ್ಮಾಳ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಅದು ಇಬ್ಬರಿಗೂ ಗೊತ್ತು. ಹಾಗಾಗಿ ಕಳೆದ ಬ್ಯಾಚಿನ ಮುಂಚೆ ಮಹಾದೇವಿ ಹಿಂದಿನ ಓಣಿ ಬಿಟ್ಟು ನೇರ ರಸ್ತೆಯಲ್ಲೇ ಬಸ್‌ಸ್ಟ್ಯಾಂಡ್ ಎದುರಿನ ಪಾರ್ಲರಿಗೆ ಹೋದಳು.

"ವಾರಕ್ಕ ಒಂದು ದಿನ ಬಾ. ಮೇಕಪ್ ಕಲಿಸು. ದಿನಕ್ಕ ಐದುನೂರು."

"ಎಂಟುನೂರು."

"ಹೊಡಿಯೋ ಟೀಚರಿಗಿ ಎಂಟುನೂರ ಯಾರ ಕೊಡ್ತಾರ?"

"ಈಗ ಹೊಡಿಯಲ್ಲ ಅಕ್ಕಾ. ಮನಸಿನಾಗ ಬೈತೀನಿ. ಅದಕ್ಕೇ ಮುನ್ನೂರ ಜಾಸ್ತಿ."

ಏಳುನೂರಕ್ಕೆ ಒಪ್ಪಂದವಾಯಿತು. ಮಧ್ಯಾಹ್ನದ ರೊಟ್ಟಿ, ಪುಂಡಿಪಲ್ಯ ಗುರುಬಾಯಿಯ ಲೆಕ್ಕ.