ತಡ ರವಾನೆಯ ಕಾರಣಕ್ಕೆ ಅಮಾನತಾಗಿರುವ ಮಾರಾಟ ಖಾತೆಯನ್ನು ಮರಳಿ ತೆರೆಯುವಂತೆ ಮನವಿ

ಬಡಗುಪೇಟೆ, ಉಡುಪಿ
ಫೆಬ್ರವರಿ 3, 2026

ಸೆಲ್ಲರ್ ಪರ್ಫಾರ್ಮೆನ್ಸ್ ವಿಭಾಗದ ಅಧಿಕಾರಿಗಳಿಗೆ,

ವಿಷಯ: ಜನವರಿ 27ರ ಅಮಾನತು ನೋಟಿಸಿಗೆ ವಿವರಣೆ ಮತ್ತು ಖಾತೆ ಮರುಚಾಲನೆಗೆ ಕೋರಿಕೆ

ಮಾನ್ಯರೇ,

ನಿಮ್ಮ ವೇದಿಕೆಯಲ್ಲಿ ಸಾರಿನ ಪುಡಿ, ಹುಳಿ ಪುಡಿ, ಹಲಸಿನ ಹಪ್ಪಳ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ಮಾರುವ ಖಾತೆ ನನ್ನದು. ನೋಂದಾಯಿತ ಇಮೇಲ್‌ನಿಂದಲೇ ಈ ಪತ್ರ ಕಳುಹಿಸುತ್ತಿದ್ದೇನೆ. ಹಿಂದಿನ 30 ದಿನಗಳ 214 ಆರ್ಡರ್‌ಗಳಲ್ಲಿ 38 ತಡವಾಗಿ ರವಾನೆಯಾಗಿವೆ, ತಡದ ಪ್ರಮಾಣ ಶೇ. 4ರ ಮಿತಿ ಮೀರಿ ಶೇ. 17.8ಕ್ಕೆ ಏರಿದೆ ಎಂದು ನಿಮ್ಮ ನೋಟಿಸಿನಲ್ಲಿದೆ. ಲೆಕ್ಕ ಸರಿಯಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ 38 ಆರ್ಡರ್‌ಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಎಲ್ಲವೂ ಜನವರಿ 13ರಿಂದ 19ರ ನಡುವೆ ಬಂದವು. ಅದಕ್ಕೆ ಹಿಂದೆ ಒಂದೂ ತಡವಾಗಿಲ್ಲ, 20ರಿಂದ ಈಚೆಗೂ ಒಂದೂ ಇಲ್ಲ. ಹಾಗಾಗಿ ಆ ಒಂದು ವಾರ ಉಡುಪಿಯಲ್ಲಿ ಏನಿತ್ತು ಎನ್ನುವುದನ್ನು ನಿಮಗೆ ತಿಳಿಸಲೇಬೇಕು.

ಜನವರಿ 18 ಉಡುಪಿಯಲ್ಲಿ ಪರ್ಯಾಯದ ದಿನ. ಶ್ರೀಕೃಷ್ಣ ಮಠದ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಮತ್ತೊಂದಕ್ಕೆ ಹೋಗುತ್ತದೆ. ಈ ಸಲ ಪುತ್ತಿಗೆ ಮಠದಿಂದ ಶೀರೂರು ಮಠಕ್ಕೆ ಹೋಯಿತು. ಬೆಳಗಿನ ಜಾವ ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ರಥಬೀದಿಗೆ ಬರುತ್ತದೆ. ಅದನ್ನು ನೋಡಲು ಹಿಂದಿನ ಸಂಜೆಯಿಂದಲೇ ಜನ ರಸ್ತೆಯ ಎರಡೂ ಬದಿ ಸೇರಿರುತ್ತಾರೆ. ಇದು ಒಂದೇ ರಾತ್ರಿಯ ಮಾತೂ ಅಲ್ಲ. ಅದಕ್ಕೆ ಮೊದಲೇ ಮಕರ ಸಂಕ್ರಾಂತಿಯ ಸಪ್ತೋತ್ಸವ, ಅದರ ಜೊತೆಗೆ ಹೊರೆಕಾಣಿಕೆಯ ಮೆರವಣಿಗೆಗಳು. ನಮ್ಮ ಮನೆ ಮತ್ತು ಪ್ಯಾಕಿಂಗ್ ಕೋಣೆ ಇರುವ ಬಡಗುಪೇಟೆ ರಥಬೀದಿಗೆ ತಾಗಿಕೊಂಡಿದೆ. ಇಂಥ ದಿನಗಳಲ್ಲಿ ಇಲ್ಲಿಗೆ ನಾಲ್ಕು ಚಕ್ರದ ಗಾಡಿ ತರುವುದು ಆಗದ ಮಾತು. ನಿಮ್ಮ ವೇದಿಕೆಯ ಗಣರಾಜ್ಯೋತ್ಸವದ ರಿಯಾಯಿತಿ ಮಾರಾಟವೂ ಅದೇ ವಾರ ಶುರುವಾಗಿ, ನಮಗೆ ಬರುವ ಆರ್ಡರ್ ಮಾಮೂಲಿಗಿಂತ ಮೂರು ಪಟ್ಟು ಹೆಚ್ಚಿತು.

38ರಲ್ಲಿ 27 ಪಾರ್ಸೆಲ್‌ಗಳು ಗಡುವಿಗೆ ಮೊದಲೇ ಪ್ಯಾಕ್ ಆಗಿ, ಲೇಬಲ್ ಅಂಟಿಸಿಕೊಂಡು ನಮ್ಮ ಜಗಲಿಯಲ್ಲಿ ಕಾಯುತ್ತಿದ್ದವು. ಲೇಬಲ್ ಮುದ್ರಿಸಿದ ಸಮಯ, 'ರೆಡಿ ಟು ಡಿಸ್ಪ್ಯಾಚ್' ಒತ್ತಿದ ಸಮಯ ಎರಡೂ ನಿಮ್ಮ ಸೆಲ್ಲರ್ ಪ್ಯಾನೆಲ್‌ನಲ್ಲೇ ದಾಖಲಾಗಿವೆ, ದಯವಿಟ್ಟು ನೋಡಿ. ರವಾನೆಯಾಯಿತು ಎಂದು ನಿಮ್ಮ ವ್ಯವಸ್ಥೆ ಗುರುತಿಸುವುದು ಕೊರಿಯರ್‌ನವರು ಪಾರ್ಸೆಲ್ ಎತ್ತಿಕೊಂಡು ಮಾಡುವ ಮೊದಲ ಸ್ಕ್ಯಾನ್‌ನಿಂದ. ಆ ಸ್ಕ್ಯಾನ್ ನನ್ನ ಕೈಯಲ್ಲಿಲ್ಲ. ಜನವರಿ 14, 16 ಮತ್ತು 17ರಂದು ಪಿಕಪ್ ಗಾಡಿ ನಮ್ಮ ಬಾಗಿಲಿಗೆ ಬರಲಿಲ್ಲ. 15ರಂದು ಬೈಕಿನಲ್ಲಿ ಬಂದ ಹುಡುಗ ಬೆನ್ನಚೀಲದಲ್ಲಿ ಹಿಡಿಸಿದಷ್ಟನ್ನು ಮಾತ್ರ ಒಯ್ದ. 17ರಂದು ಗಾಡಿಯವರು ಫೋನ್ ಮಾಡಿ, "ಅಕ್ಕಾ, ಗಾಡಿ ಕಲ್ಸಂಕದಿಂದ ಒಳಗೆ ಬಿಡ್ತಾ ಇಲ್ಲ, ನಾಳಿದ್ದು ನೋಡುವ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳಿದ್ದು ನಿಜವೇ. ನನ್ನ ಆಕ್ಷೇಪ ಇರುವುದು ದಾಖಲೆಯ ಬಗ್ಗೆ. ಆ ಮೂರೂ ದಿನ ಟ್ರ್ಯಾಕಿಂಗ್‌ನಲ್ಲಿ "ಮಾರಾಟಗಾರರು ಲಭ್ಯವಿಲ್ಲ" ಎಂದು ನಮೂದಾಗಿದೆ. ನಾವು ಮನೆಯಲ್ಲೇ ಇದ್ದೆವು, ಪಾರ್ಸೆಲ್ ಕಟ್ಟಿ ಇಟ್ಟುಕೊಂಡಿದ್ದೆವು. ಕರೆ ಬಂದ ಸಮಯದ ಸ್ಕ್ರೀನ್‌ಶಾಟ್ ಮತ್ತು ದಿನಾಂಕ ಸಹಿತ ತೆಗೆದ ಪಾರ್ಸೆಲ್‌ಗಳ ಫೋಟೊಗಳು ಈ ಪತ್ರದ ಜೊತೆಗಿವೆ. ಈ 27ರ ಮಟ್ಟಿಗೆ ಕೊರಿಯರ್‌ನವರಿಂದ ವಿವರಣೆ ಕೇಳಿ ಎಂಬುದು ನನ್ನ ಮೊದಲ ಕೋರಿಕೆ.

ಉಳಿದ 11 ಆರ್ಡರ್‌ಗಳು ನಿಜಕ್ಕೂ ನಮ್ಮ ಅಡುಗೆಮನೆಯಲ್ಲೇ ತಡವಾದವು. ಎಲ್ಲವೂ ಸಾರಿನ ಪುಡಿಯ ಆರ್ಡರ್. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ವ್ಯವಸ್ಥೆ ಎಲ್ಲವೂ ಇದರ ಮೇಲೇ ನಿಂತಿದೆ.

ಹಪ್ಪಳ, ಉಪ್ಪಿನಕಾಯಿಗಳನ್ನು ಬೇಸಿಗೆಯಲ್ಲಿ ಮಾಡಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತೇವೆ. ಪುಡಿ ಹಾಗಲ್ಲ. ಕೊತ್ತಂಬರಿ, ಜೀರಿಗೆ, ಮೆಂತೆ, ಕರಿಬೇವು, ಬ್ಯಾಡಗಿ ಮೆಣಸು ಒಂದೊಂದನ್ನೂ ಬೇರೆಬೇರೆಯಾಗಿ ತೆಂಗಿನೆಣ್ಣೆಯಲ್ಲಿ ಹುರಿಯಬೇಕು. ಮೆಂತೆ ಒಂದು ಗಳಿಗೆ ಹೆಚ್ಚು ಹುರಿದರೂ ಕಹಿ, ಮೆಣಸು ಕರಟಿದರೆ ಬಣ್ಣವೂ ಹೋಯಿತು, ಪರಿಮಳವೂ ಹೋಯಿತು. ಹುರಿದದ್ದು ಪೂರ್ತಿ ಆರಬೇಕು, ಅರೆದು ತಂದ ಮೇಲೆ ಪುಡಿಯೂ ಮತ್ತೆ ಆರಬೇಕು. ಬಿಸಿ ಇರುವಾಗಲೇ ಪೊಟ್ಟಣಕ್ಕೆ ತುಂಬಿ ಸೀಲ್ ಮಾಡಿದರೆ ಒಳಗೆ ಪಸೆ ಹಿಡಿದು ಪುಡಿ ಗಂಟುಕಟ್ಟುತ್ತದೆ, ಆಮೇಲೆ ಬೂಸಲು ಬರುತ್ತದೆ. ತುಂಬಾ ಮುಂಚೆ ಮಾಡಿ ಇಡುವ ಹಾಗೂ ಇಲ್ಲ. ನಮ್ಮ ಪುಡಿಯ ಬಾಳಿಕೆ ನಾಲ್ಕು ತಿಂಗಳು. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗ್ರಾಹಕರ ಕೈಸೇರುವಾಗ ಬಾಳಿಕೆಯ ಶೇ. 30 ಭಾಗ ಅಥವಾ 45 ದಿನ ಉಳಿದಿರಬೇಕು ಎಂಬ ಎಫ್‌ಎಸ್‌ಎಸ್‌ಎಐ ಸೂಚನೆ ನಿಮಗೆ ಗೊತ್ತೇ ಇದೆ. ಆದ್ದರಿಂದ ವಾರಕ್ಕಾಗುವಷ್ಟು ಮಾತ್ರ ಹುರಿಯುವುದು ನಮ್ಮ ಪದ್ಧತಿ. ಆ ವಾರಕ್ಕೆಂದು ಮಾಡಿಟ್ಟದ್ದು ಮಾರಾಟ ಶುರುವಾಗುತ್ತಲೇ ಮುಗಿಯಿತು. ಹೊಸದಾಗಿ ಹುರಿದು ಆರಿಸಿದ್ದೂ ಆಯಿತು, ಆದರೆ ನಾವು ಕೊಡುವ ಗಿರಣಿ 17 ಮತ್ತು 18ರಂದು ಬಾಗಿಲು ಹಾಕಿತ್ತು. ಬೇರೆ ಗಿರಣಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಗೋಧಿಯೋ ಅರಸಿನವೋ ಅರೆದ ಯಂತ್ರದಲ್ಲಿ ನಮ್ಮ ಪುಡಿ ಅರೆಸಿದರೆ ಅದರ ಅಂಶ ಸೇರುತ್ತದೆ, ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಇಲ್ಲದ್ದು ಒಳಗೆ ಹೋಗುತ್ತದೆ. ಗೋಧಿ ಆಗದವರು ಅದನ್ನು ತಿಂದರೆ? ಎರಡು ದಿನ ತಡವಾದರೂ ಸರಿ ಎಂದು ಕಾದೆ. ಇಂದಿಗೂ ಅದು ಸರಿಯಾದ ತೀರ್ಮಾನವೆಂದೇ ನಂಬಿದ್ದೇನೆ.

ತಡವಾದ 38 ಗ್ರಾಹಕರಲ್ಲಿ ಮೂವರು ಆರ್ಡರ್ ರದ್ದು ಮಾಡಿದರು, ಅವರ ಹಣ ಪೂರ್ತಿ ಮರಳಿದೆ. ಉಳಿದ 35 ಪಾರ್ಸೆಲ್‌ಗಳೂ ತಲುಪಿವೆ. ಒಡೆದದ್ದು, ಸೋರಿದ್ದು, ಹಾಳಾದದ್ದು ಎಂಬ ದೂರು ಒಂದೂ ಬಂದಿಲ್ಲ.

ಇಷ್ಟರಲ್ಲಿ ನಾವು ಮಾಡಿರುವ ಬದಲಾವಣೆ ತಿಳಿಸುತ್ತೇನೆ. ಎಲ್ಲಕ್ಕಿಂತ ದೊಡ್ಡದು ಪಿಕಪ್ ವಿಳಾಸ. ಕುಂಜಿಬೆಟ್ಟಿನಲ್ಲಿ ನನ್ನ ಭಾವನವರ ಅಂಗಡಿ ಇದೆ, ಮಣಿಪಾಲಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲೇ. ಅದರ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಪಡೆದು ಪ್ಯಾಕಿಂಗ್ ಮೇಜು, ತೂಕದ ಯಂತ್ರ, ಲೇಬಲ್ ಪ್ರಿಂಟರ್ ಮೂರನ್ನೂ ಅಲ್ಲಿಗೆ ಸಾಗಿಸಿದ್ದೇವೆ. ರಥಬೀದಿಯಲ್ಲಿ ಯಾವ ಉತ್ಸವವಿದ್ದರೂ ಪಿಕಪ್ ಗಾಡಿ ಅಂಗಡಿಯ ಎದುರೇ ನಿಲ್ಲಬಹುದು. ಬಾಡಿಗೆ ಕರಾರು ಲಗತ್ತಿಸಿದ್ದೇನೆ. ಜಿಎಸ್‌ಟಿಯಲ್ಲಿ ಇದನ್ನು ಹೆಚ್ಚುವರಿ ಸ್ಥಳವಾಗಿ ಸೇರಿಸಲು ಅರ್ಜಿ ಹಾಕಿದ್ದೇನೆ, ಅದರ ಸ್ವೀಕೃತಿಯೂ ಜೊತೆಗಿದೆ. ಖಾತೆ ತೆರೆದ ಕೂಡಲೇ ಪ್ಯಾನೆಲ್‌ನಲ್ಲಿ ವಿಳಾಸ ಬದಲಿಸುತ್ತೇನೆ, ಈಗ ಆ ಪುಟ ನನಗೆ ತೆರೆಯುತ್ತಿಲ್ಲ.

ಪುಡಿಗಳಿಗೆ ಇದುವರೆಗೆ ಒಂದು ದಿನದ ರವಾನೆ ಅವಧಿ ಇಟ್ಟಿದ್ದೆವು. ಇನ್ನು ಮೂರು ದಿನ ಇಡುತ್ತೇವೆ. ಹುಡುಕಿದಾಗ ನಮ್ಮ ಪುಡಿ ಕೆಳಗೆ ಹೋಗಬಹುದು, ಹೋಗಲಿ. ಮಾಡಿಟ್ಟ ಪೊಟ್ಟಣಗಳಷ್ಟನ್ನೇ ಸ್ಟಾಕ್ ಎಂದು ತೋರಿಸುತ್ತೇವೆ, ಮಾಡಬಹುದಾದಷ್ಟನ್ನಲ್ಲ. ಅರೆಯುವುದಕ್ಕೆ ನಮ್ಮದೇ ಸಣ್ಣ ಯಂತ್ರಕ್ಕೆ ಮುಂಗಡ ಕೊಟ್ಟಿದ್ದೇನೆ, ಫೆಬ್ರವರಿ ಕೊನೆಯೊಳಗೆ ಬರುತ್ತದೆ. ಮೂರು ಗಂಟೆಯೊಳಗೆ ಪಿಕಪ್ ಆಗದಿದ್ದರೆ ಪಾರ್ಸೆಲ್‌ಗಳನ್ನು ಅದೇ ಸಂಜೆ ಮಣಿಪಾಲದ ಕೊರಿಯರ್ ಕೇಂದ್ರಕ್ಕೆ ನನ್ನ ಮಗ ಸ್ಕೂಟರಿನಲ್ಲಿ ಮುಟ್ಟಿಸಿ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾನೆ. ಅದಕ್ಕೆ ಕೇಂದ್ರದವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ನಿಮ್ಮ ಕಡೆಯಿಂದ 'ಸೆಲ್ಫ್ ಡ್ರಾಪ್' ಅನುಮತಿ ಸಿಕ್ಕಿದರೆ ಅದು ಗಟ್ಟಿಯಾಗುತ್ತದೆ.

ಉತ್ಸವಗಳ ದಿನಗಳು ನಮಗೆ ಮೊದಲೇ ಗೊತ್ತಿರುತ್ತವೆ. ವಿಟ್ಲಪಿಂಡಿ, ಸಪ್ತೋತ್ಸವದ ದಿನಗಳಿಗೆ ರವಾನೆ ಅವಧಿ ಹೆಚ್ಚಿಸುತ್ತೇವೆ. ಮುಂದಿನ ಪರ್ಯಾಯ 2028ರ ಜನವರಿ 18ಕ್ಕೆ. ಆಗ ಹಿಂದಿನ ಮೂರು ದಿನ ಮತ್ತು ಮರುದಿನ ಖಾತೆಯನ್ನು ರಜೆಯಲ್ಲಿಡುತ್ತೇವೆ, ಆ ವಾರ ಯಾವ ರಿಯಾಯಿತಿ ಮಾರಾಟಕ್ಕೂ ಹೆಸರು ಕೊಡುವುದಿಲ್ಲ.

ಈ ಮನೆ ಉದ್ಯಮದಲ್ಲಿ ನನ್ನ ಜೊತೆ ಅತ್ತೆಯವರಲ್ಲದೆ ಐವರು ಹೆಂಗಸರು ದುಡಿಯುತ್ತಾರೆ. ಹುರಿಯುವ ಹದ ನೋಡುವವರು ಇಂದಿಗೂ ಅತ್ತೆಯವರೇ. ಐವರಲ್ಲಿ ಇಬ್ಬರು ಮಲ್ಪೆ ಕಡೆಯವರು, ಅವರ ಮನೆಯ ಗಂಡಸರು ಬೋಟಿಗೆ ಹೋಗುವವರು. ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧದ ತಿಂಗಳುಗಳಲ್ಲಿ ಆ ಮನೆಗಳಿಗೆ ಬರುವ ಸಂಬಳ ಇದೊಂದೇ. ಅಮಾನತಾದ ಮೇಲೂ ಐವರನ್ನೂ ಕೆಲಸದಿಂದ ಬಿಡಿಸಿಲ್ಲ, ಬಿಡಿಸುವ ಯೋಚನೆಯೂ ಇಲ್ಲ. ಆದರೆ ತಲುಪಿದ ಆರ್ಡರ್‌ಗಳ ಹಣವೂ ನಿಮ್ಮಲ್ಲಿ ತಡೆಹಿಡಿದಿದೆ, ಸಂಬಳ ಕೊಡುವುದು ಅದರಿಂದಲೇ. ಹುರಿದು ಮಾಡಿಟ್ಟ ಪುಡಿಯ ಬಾಳಿಕೆಯೂ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಆದ್ದರಿಂದ ಈ ಮನವಿಯನ್ನು ಬೇಗ ಪರಿಶೀಲಿಸಿ ಎಂದು ಕೇಳುತ್ತಿದ್ದೇನೆ.

ನನ್ನ ಕೋರಿಕೆ ಇಷ್ಟು. ಖಾತೆಯನ್ನು ಮರಳಿ ಚಾಲೂ ಮಾಡಿ. ಪೂರ್ತಿ ತೆರೆಯಲು ಹಿಂಜರಿಕೆಯಿದ್ದರೆ ಮೊದಲ ತಿಂಗಳು ದಿನಕ್ಕೆ ಹತ್ತು ಆರ್ಡರ್‌ಗಳ ಮಿತಿ ಹಾಕಿ, ಅಥವಾ ಹಪ್ಪಳ, ಉಪ್ಪಿನಕಾಯಿಗಳಿಗಷ್ಟೇ ತೆರೆದು ಪುಡಿಗಳನ್ನು ಆಮೇಲೆ ಸೇರಿಸಿ, ನನ್ನ ಒಪ್ಪಿಗೆಯಿದೆ. ಗ್ರಾಹಕರಿಗೆ ತಲುಪಿ, ವಾಪಸಾತಿಯ ಅವಧಿ ಮುಗಿದ ಆರ್ಡರ್‌ಗಳ ಹಣ ಬಿಡುಗಡೆ ಮಾಡಿ. ಪಿಕಪ್ ಆಗದೆ ಉಳಿದ 27 ಆರ್ಡರ್‌ಗಳನ್ನು ತಡದ ಲೆಕ್ಕದಿಂದ ತೆಗೆಯಿರಿ. ಮನವಿ ತಿರಸ್ಕರಿಸುವುದಾದರೆ ಯಾವ ಆರ್ಡರ್‌ನ ಯಾವ ದಾಖಲೆ ಸಾಲದಾಯಿತು ಎಂದು ತಿಳಿಸಿ, ಅದನ್ನು ಒದಗಿಸುತ್ತೇನೆ. ಈ ಮೊದಲು ಬಂದ ಸಿದ್ಧ ಉತ್ತರದಲ್ಲಿ "ವಿವರ ಅಪೂರ್ಣ" ಎಂದಷ್ಟೇ ಇತ್ತು, ಏನು ಅಪೂರ್ಣ ಎಂದು ಇರಲಿಲ್ಲ.

ನಿಮ್ಮವರು ಯಾರಾದರೂ ಫೋನಿನಲ್ಲಿ ಮಾತನಾಡುವುದಾದರೆ ಮಧ್ಯಾಹ್ನ ಎರಡರ ನಂತರ ಯಾವಾಗ ಬೇಕಾದರೂ ಮಾಡಬಹುದು. ಬೆಳಿಗ್ಗೆ ಹುರಿಯುವ ಹೊತ್ತಿಗೆ ಫೋನ್ ತೆಗೆಯಲು ಕಷ್ಟ. ನೋಂದಾಯಿತ ಸಂಖ್ಯೆ ಬದಲಾಗಿಲ್ಲ. ಮಾತು ಕನ್ನಡದಲ್ಲಾದರೆ ಅನುಕೂಲ, ಹಿಂದಿಯೂ ಆಗುತ್ತದೆ.

ಲಗತ್ತು: 38 ಆರ್ಡರ್‌ಗಳ ಪಟ್ಟಿ (ಆರ್ಡರ್ ಬಂದ, ಲೇಬಲ್ ಮುದ್ರಿಸಿದ ಮತ್ತು ಮೊದಲ ಸ್ಕ್ಯಾನ್ ಆದ ಸಮಯಗಳೊಂದಿಗೆ), ಪಾರ್ಸೆಲ್‌ಗಳ ಫೋಟೊ, ಕರೆ ದಾಖಲೆ, ಕುಂಜಿಬೆಟ್ಟು ಕೋಣೆಯ ಬಾಡಿಗೆ ಕರಾರು, ಜಿಎಸ್‌ಟಿ ಅರ್ಜಿಯ ಸ್ವೀಕೃತಿ, ಅರೆಯುವ ಯಂತ್ರದ ಮುಂಗಡ ರಸೀದಿ, ಎಫ್‌ಎಸ್‌ಎಸ್‌ಎಐ ನೋಂದಣಿ ಪತ್ರ.

ಇತಿ,
ವಿಜಯಾ ಯು.
ಮಾಲಕಿ