ಅವಧಿಪೂರ್ವ ವರ್ಗಾವಣೆ ಆದೇಶ ರದ್ದುಪಡಿಸುವಂತೆ ಕೋರಿ ಮನವಿ

ಕುಮಟಾ, ದಿನಾಂಕ: 20-11-2023

ಇವರಿಂದ:
ಸವಿತಾ ಎನ್., ಪ್ರಥಮ ದರ್ಜೆ ಸಹಾಯಕಿ, ತಾಲ್ಲೂಕು ಕಚೇರಿ ಶಾಖೆ, ಕುಮಟಾ

ಇವರಿಗೆ:
ಮಾನ್ಯ ಆಯುಕ್ತರು, ಬೆಂಗಳೂರು (ಕಚೇರಿ ಮುಖ್ಯಸ್ಥರ ಮೂಲಕ)

ಉಲ್ಲೇಖ: 1) ತಮ್ಮ ಕಚೇರಿಯ ವರ್ಗಾವಣೆ ಆದೇಶ, ದಿ. 16-11-2023. 2) ಸರ್ಕಾರಿ ಆದೇಶ ಸಂಖ್ಯೆ ಸಿಆಸುಇ 22 ಸೇನೌವ 2013, ದಿ. 07-06-2013.

ಮಾನ್ಯರೆ,

ಉಲ್ಲೇಖ 1ರಂತೆ ನನ್ನನ್ನು ಕೊಳ್ಳೇಗಾಲಕ್ಕೆ ವರ್ಗಾಯಿಸಲಾಗಿದೆ. ನಾನಿನ್ನೂ ಕಾರ್ಯವಿಮುಕ್ತಳಾಗಿಲ್ಲ. ವರ್ಗಾವಣೆ ನೌಕರಿಯ ಭಾಗವೆಂದು ನನಗೆ ಗೊತ್ತು. ಜೊಯಿಡಾದಲ್ಲಿ ಐದು ವರ್ಷ ತಕರಾರಿಲ್ಲದೆ ದುಡಿದೇ ಇಲ್ಲಿಗೆ ಬಂದವಳು. ಈ ಆದೇಶ ಹೊರಟ ರೀತಿಗೆ ಮಾತ್ರ ನನ್ನ ಆಕ್ಷೇಪಣೆ.

ನಾನು ಕುಮಟಾದಲ್ಲಿ ಹಾಜರಾದದ್ದು 16-08-2021ರಂದು. ಉಲ್ಲೇಖ 2ರ ಮಾರ್ಗಸೂಚಿಯಂತೆ ಗ್ರೂಪ್ 'ಸಿ' ನೌಕರರ ಕನಿಷ್ಠ ಅವಧಿ 4 ವರ್ಷ; ನನಗೆ ಆಗಿರುವುದು 2 ವರ್ಷ 3 ತಿಂಗಳು. ಸಾರ್ವತ್ರಿಕ ವರ್ಗಾವಣೆಯ ಕಾಲ ಮುಗಿದ ಮೇಲೆ, ಅದೂ ಅವಧಿಗೆ ಮುನ್ನ ವರ್ಗಾಯಿಸಲು ಕಾರಣ ದಾಖಲಿಸಿ ಮಾನ್ಯ ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಪಡೆಯಬೇಕು. ಆದೇಶದಲ್ಲಿ ಎರಡರ ಪ್ರಸ್ತಾಪವೂ ಇಲ್ಲ. ನನ್ನ ಹೆಸರಿನೆದುರು 'ಸಾರ್ವಜನಿಕ ಹಿತದೃಷ್ಟಿ' ಎಂದಿದೆ. ಅದರ ಕೆಳಗಿನ ಸಾಲಿನಲ್ಲೇ ನನ್ನ ಸ್ಥಳಕ್ಕೆ ಬರುವ ನೌಕರರ ಎದುರು 'ಸ್ವಂತ ಕೋರಿಕೆ' ಎಂದಿದೆ. ಒಬ್ಬರ ಕೋರಿಕೆಗೆ ಇನ್ನೊಬ್ಬರನ್ನು ಎಬ್ಬಿಸುವುದರಲ್ಲಿ ಸಾರ್ವಜನಿಕ ಹಿತ ಯಾವುದೆಂದು ನನಗೆ ತಿಳಿಯುತ್ತಿಲ್ಲ. ನನ್ನ ಮೇಲೆ ದೂರಿಲ್ಲ, ಇಲಾಖಾ ವಿಚಾರಣೆಯೂ ಇಲ್ಲ. ಮಾರ್ಗಸೂಚಿ ಕಾನೂನಿನಷ್ಟು ಬಿಗಿಯಲ್ಲದಿರಬಹುದು. ಆದರೂ ನಮ್ಮ ರಾಜ್ಯದ್ದೇ ಬಿ. ವರದರಾವ್ ಪ್ರಕರಣದಲ್ಲಿ (1986) ಸುಪ್ರೀಂ ಕೋರ್ಟ್, ಅಕಾಲಿಕ ಹಾಗೂ ಅಸಮಂಜಸ ವರ್ಗಾವಣೆಗಳು ಕುಟುಂಬವನ್ನೇ ಬುಡಮೇಲು ಮಾಡುತ್ತವೆ, ಮಕ್ಕಳ ಓದು ಕೆಡಿಸುತ್ತವೆ ಎಂದು ಎಚ್ಚರಿಸಿದೆ.

ನನ್ನ ಮನೆಯ ಸ್ಥಿತಿ ಹೀಗಿದೆ. ನಮ್ಮ ಅತ್ತೆಯವರಿಗೆ 71 ವರ್ಷ, ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿವೆ. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬೆಳಗಿನ ಜಾವ ಅವರನ್ನು ಕರೆದೊಯ್ದು, ಮುಗಿದ ಮೇಲೆ ನೆರೆಮನೆಯವರ ರಿಕ್ಷಾದಲ್ಲಿ ಮನೆಗೆ ಕಳಿಸಿ, ಹತ್ತಕ್ಕೆ ಹಾಜರಿ ಹಾಕುತ್ತೇನೆ. ಒಂದು ದಿನವೂ ತಡವಾಗಿಲ್ಲ. ಹಾಜರಿ ಪುಸ್ತಕ ನೋಡಬಹುದು. ಒಂದು ಸರದಿ ತಪ್ಪಿದರೂ ಅವರಿಗೆ ಉಸಿರು ಕಟ್ಟುತ್ತದೆ. ಹೆಚ್ಚಿನ ತೊಂದರೆಯಾದರೆ ಈ ಜಿಲ್ಲೆಯವರಿಗೆ ಮಣಿಪಾಲವೋ ಹುಬ್ಬಳ್ಳಿಯೋ ಗತಿ. ರಾತ್ರೋರಾತ್ರಿ ಹೊರಡಿಸಲು ಮನೆಯಲ್ಲಿ ಜನ ಬೇಕು. ಪತಿ ಭಟ್ಕಳ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು, ಬೆಳಗ್ಗೆ ಏಳಕ್ಕೇ ಬಸ್ಸು ಹಿಡಿಯುತ್ತಾರೆ. ಮಗಳು ಬರುವ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬೇಕು. ನಾನು ಕೊಳ್ಳೇಗಾಲಕ್ಕೆ ಹೋದರೆ ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯುವ ಕೆಲಸ ಆ ಹುಡುಗಿಯ ತಲೆಗೆ ಬೀಳುತ್ತದೆ. ಪತಿ-ಪತ್ನಿ ಪ್ರಕರಣ ಮತ್ತು ಅವಲಂಬಿತರ ಗಂಭೀರ ಕಾಯಿಲೆ, ಇವೆರಡನ್ನೂ ಮಾರ್ಗಸೂಚಿಯೇ ಪರಿಗಣಿಸುತ್ತದೆ.

ಆದ್ದರಿಂದ ನನಗೆ ಸಂಬಂಧಿಸಿದಷ್ಟು ಮಟ್ಟಿಗೆ ಆದೇಶವನ್ನು ರದ್ದುಪಡಿಸಿ, 4 ವರ್ಷ ತುಂಬುವವರೆಗೆ ಕುಮಟಾದಲ್ಲೇ ಮುಂದುವರಿಸಬೇಕು. ಅದು ಸಾಧ್ಯವೇ ಇಲ್ಲವೆಂದಾದರೆ ಹೊನ್ನಾವರ, ಅಂಕೋಲಾ ಅಥವಾ ಭಟ್ಕಳದ ಯಾವುದೇ ಖಾಲಿ ಹುದ್ದೆಗೆ ಹೋಗಲು ಸಿದ್ಧಳಿದ್ದೇನೆ. ಮನವಿ ತೀರ್ಮಾನವಾಗುವವರೆಗೆ ನನ್ನನ್ನು ಕಾರ್ಯವಿಮುಕ್ತಗೊಳಿಸದಂತೆ ಕಚೇರಿ ಮುಖ್ಯಸ್ಥರಿಗೆ ಸೂಚಿಸಬೇಕು, ಮತ್ತು ತೀರ್ಮಾನವನ್ನು ಕಾರಣಸಹಿತ ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುವ ಹಕ್ಕು ನನಗಿದೆ. ಅಲ್ಲಿಗೆ ಹೋಗುವ ಮೊದಲು ತಮ್ಮಲ್ಲೇ ನ್ಯಾಯ ಸಿಗುತ್ತದೆಂದು ನಂಬಿ ಬರೆದಿದ್ದೇನೆ.

ತಮ್ಮ ವಿಧೇಯಳು,
(ಸಹಿ)
ಸವಿತಾ ಎನ್.

ಅಡಕ: ವರ್ಗಾವಣೆ ಆದೇಶದ ಪ್ರತಿ, ಡಯಾಲಿಸಿಸ್ ದಾಖಲೆ, ಪತಿಯ ಸೇವಾ ಪ್ರಮಾಣಪತ್ರ, ಮಗಳ ಶಾಲಾ ವ್ಯಾಸಂಗ ಪ್ರಮಾಣಪತ್ರ.