2023-24ನೇ ಸಾಲಿನ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳ ಬಗ್ಗೆ ವಿವರಣೆ

ದಿನಾಂಕ: 18-07-2024

ಇಂದ: ಸಂಘದ ಲೆಕ್ಕಪರಿಶೋಧಕರು
ಗೆ: ವ್ಯವಸ್ಥಾಪಕರು, ಪತ್ತಿನ ಸಹಕಾರ ಸಂಘ

ವಿಷಯ: ಕರಡು ವರದಿಯಲ್ಲಿನ ಆಕ್ಷೇಪಣೆಗಳಿಗೆ ಕಾರಣ
ಉಲ್ಲೇಖ: ತಮ್ಮ ದಿನಾಂಕ 11-07-2024ರ ಪತ್ರ

ಮಾನ್ಯರೇ,

ತಮ್ಮ ಪತ್ರ ತಲುಪಿತು. "ಸಂಘದ ಒಂದು ರೂಪಾಯಿಯೂ ಕಳೆದಿಲ್ಲ, ಹಾಗಿದ್ದ ಮೇಲೆ ಇಷ್ಟೊಂದು ಆಕ್ಷೇಪಣೆ ಯಾಕೆ?" ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಹಣ ದುರುಪಯೋಗ ಆಗಿದೆ ಎಂದು ವರದಿಯಲ್ಲಿ ಎಲ್ಲೂ ಬರೆದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪುಸ್ತಕ ನೋಡಿದವರಿಗೆ ಸಂಘದ ಸ್ಥಿತಿ ಇದ್ದ ಹಾಗೇ ಕಾಣಬೇಕು. ನಾಲ್ಕು ಕಡೆ ಹಾಗೆ ಕಾಣುತ್ತಿಲ್ಲ.

ಮೊದಲು ಸುಸ್ತಿ ಬಡ್ಡಿಯ ವಿಷಯ. ಉಳಿದ ಮೂರು ಆಕ್ಷೇಪಣೆ ಸೇರಿಸಿದರೂ ಇದರಷ್ಟು ತೂಕ ಬರುವುದಿಲ್ಲ.

ಲಾಭ-ನಷ್ಟ ಪಟ್ಟಿಯಲ್ಲಿ ನಿವ್ವಳ ಲಾಭ ರೂ. 9,40,000 ಎಂದು ತೋರಿಸಿದ್ದೀರಿ. ಅದರಲ್ಲಿ ರೂ. 6,80,000 ಸುಸ್ತಿ ಸಾಲಗಳ ಮೇಲೆ ಲೆಕ್ಕ ಹಾಕಿದ ಬಡ್ಡಿ. ಲೆಕ್ಕ ಹಾಕಿದ್ದೇನೋ ಸರಿ, ಆದರೆ ಆ ಹಣ ಬಂದಿಲ್ಲ. ಹಿಂದಿನ ವರ್ಷಗಳಲ್ಲಿ ಇಂಥ ಬಡ್ಡಿಗೆ ಅಷ್ಟೇ ಮೊತ್ತದ ಅವಕಾಶ ಕಲ್ಪಿಸಿ, ವಸೂಲಾದ ಮೇಲಷ್ಟೇ ಆದಾಯಕ್ಕೆ ತೆಗೆದುಕೊಳ್ಳುತ್ತಿದ್ದಿರಿ. ಈ ವರ್ಷ ಆ ನಮೂದು ಬಿಟ್ಟುಹೋಗಿದೆ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ, ನಾನು ಊಹೆ ಮಾಡುವುದಿಲ್ಲ.

ಬಾರದ ಬಡ್ಡಿ ತೆಗೆದರೆ ಉಳಿಯುವ ಲಾಭ ರೂ. 2,60,000. ಇದರಲ್ಲಿ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 57ನೇ ಕಲಂ ಪ್ರಕಾರ ಕನಿಷ್ಠ ಶೇ. 25 ಮೀಸಲು ನಿಧಿಗೆ ಹೋಗಬೇಕು, ಅಂದರೆ ರೂ. 65,000. ಬೇರೆ ನಿಧಿಗಳ ಮಾತು ಆಮೇಲಿನದು. ಉಳಿಯುವುದೇ ರೂ. 1,95,000. ಆಡಳಿತ ಮಂಡಳಿ ಶಿಫಾರಸು ಮಾಡಿರುವುದು ರೂ. 42 ಲಕ್ಷ ಷೇರು ಬಂಡವಾಳದ ಮೇಲೆ ಶೇ. 10 ಡಿವಿಡೆಂಡ್, ಅಂದರೆ ರೂ. 4,20,000. ಮಿಕ್ಕ ರೂ. 2,25,000 ಎಲ್ಲಿಂದ ಕೊಡುತ್ತೀರಿ? ಠೇವಣಿದಾರರ ಹಣದಿಂದಲೇ ಅಲ್ವಾ? ಸದಸ್ಯರಿಗೆ ಹಂಚಿದ ಡಿವಿಡೆಂಡ್ ಮತ್ತೆ ವಾಪಸ್ ಬರುವಂಥದ್ದಲ್ಲ.

ಇದಕ್ಕೇ ಅಂಟಿಕೊಂಡದ್ದು ಸಾಲ ಸಂಖ್ಯೆ 142. ಅಸಲು ಮೂರು ಲಕ್ಷ, ಬಡ್ಡಿ ಶೇ. 12. ಸದಸ್ಯರು ಕೊನೆಯದಾಗಿ ಬಡ್ಡಿ ಕಟ್ಟಿದ್ದು ಆಗಸ್ಟ್ 2020ರ ಕೊನೆಗೆ. ಆಮೇಲೆ ಖಾತೆಯಲ್ಲಿ ಒಂದೇ ಒಂದು ಜಮೆ ಇಲ್ಲ. 43 ತಿಂಗಳ ಬಡ್ಡಿ ಸೇರಿ ಬಾಕಿ ರೂ. 4,29,000 ಆಗಿದೆ. 30-03-2024ರಂದು ಅದೇ ಸದಸ್ಯರಿಗೆ ರೂ. 4,29,000 ಹೊಸ ಸಾಲ ಖರ್ಚು ಬಿದ್ದಿದೆ, ಅದೇ ದಿನ ಹಳೆಯ ಸಾಲ ಪೂರ್ತಿ ಜಮೆಯಾಗಿ ಮುಕ್ತಾಯವಾಗಿದೆ. ಎರಡಕ್ಕೂ ಹೊಂದಾಣಿಕೆ ವೋಚರ್. ನಗದು ಕೌಂಟರ್ ದಾಟಿಲ್ಲ, ಬ್ಯಾಂಕಿನಿಂದಲೂ ಹೋಗಿಲ್ಲ. ಹೊಸ ಅರ್ಜಿಯಲ್ಲಿ ಜಾಮೀನುದಾರರ ಸಹಿ ಇಲ್ಲ, ಆಸ್ತಿಯ ಮೌಲ್ಯಮಾಪನವೂ ಹಳೆಯದರ ಜೆರಾಕ್ಸ್. ಮಾರ್ಚ್ 29ರಂದು ಸುಸ್ತಿಯಾಗಿದ್ದ ಸಾಲ 31ರಂದು ಚಾಲ್ತಿ ಸಾಲದ ಪಟ್ಟಿಯಲ್ಲಿದೆ. ಸದಸ್ಯರ ಪರಿಸ್ಥಿತಿಯಲ್ಲಿ ಬದಲಾದದ್ದು ಏನೂ ಇಲ್ಲ.

ಕಷ್ಟದಲ್ಲಿರುವ ಸಾಲಗಾರರಿಗೆ ಅವಧಿ ವಿಸ್ತರಿಸಿಕೊಟ್ಟೆವು ಎಂದು ನೀವು ಬರೆದಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ. ವಿಸ್ತರಣೆ ಎಂದೇ ಠರಾವು ಮಾಡಿ, ಸಾಲವನ್ನು ಸುಸ್ತಿ ಪಟ್ಟಿಯಲ್ಲೇ ಉಳಿಸಿದ್ದರೆ ಈ ಆಕ್ಷೇಪಣೆ ಬರುತ್ತಲೇ ಇರಲಿಲ್ಲ. ಇನ್ನೊಂದು ಮಾತು: ಹಳೆಯ ಸಾಲ ತೀರಿದೆ ಎಂದು ನೀವೇ ಬರೆದುಕೊಂಡ ಮೇಲೆ ಹಳೆಯ ಜಾಮೀನುದಾರರು ನಾಳೆ "ನಮ್ಮ ಹೊಣೆ ಮುಗಿಯಿತು" ಎನ್ನಬಹುದು. ಆಗ ವಸೂಲಿ ದಾವೆಯಲ್ಲಿ ಸಂಘದ ಕೈ ಬಲಹೀನವಾಗುತ್ತದೆ. ವರದಿಗಿಂತ ನನಗೆ ಅದೇ ಜಾಸ್ತಿ ಚಿಂತೆ. ಇದೇ ರೀತಿಯ ಇನ್ನೂ ಏಳು ಸಾಲಗಳಿವೆ, ಅವುಗಳ ಪಟ್ಟಿ ವರದಿಯಲ್ಲಿದೆ.

ಎರಡನೆಯದು ನಗದು. ನಾವು ಹೇಳದೆ ಬಂದು ಎಣಿಸಿದ ದಿನ ನಗದು ಪುಸ್ತಕದಲ್ಲಿ ರೂ. 1,86,340 ಇತ್ತು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ರೂ. 1,61,340 ಮತ್ತು ಒಂದು ಚೀಟಿ. ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ "25,000, ಸೋಮವಾರ ಕೊಡುವುದು" ಎಂದು ಪೆನ್ಸಿಲ್‌ನಲ್ಲಿ ಬರೆದಿತ್ತು. ಹೆಸರಿಲ್ಲ, ಸಹಿಯಿಲ್ಲ. ಸೋಮವಾರ ಹಣ ಬಂದು ಸೇರಿತು ಎಂದು ನೀವು ಹೇಳಿದ್ದೀರಿ, ಪುಸ್ತಕವೂ ಹಾಗೇ ಹೇಳುತ್ತದೆ, ನಾನು ಒಪ್ಪುತ್ತೇನೆ. ಆದರೆ ಬರದೇ ಹೋಗಿದ್ದರೆ? ಆ ಚೀಟಿ ಇಟ್ಟುಕೊಂಡು ಯಾರನ್ನೂ ಕೇಳಲು ಆಗುತ್ತಿರಲಿಲ್ಲ. ಕೊನೆಗೆ ಕೈಯಿಂದ ತುಂಬಬೇಕಾಗಿದ್ದವರು ಕ್ಯಾಷಿಯರ್, ಅವರ ನಂತರ ನೀವು. ಅಲ್ಲದೆ ಉಪವಿಧಿ ಪ್ರಕಾರ ಕೈಯಲ್ಲಿ ಇಡಬಹುದಾದ ನಗದು ರೂ. 50,000 ಮಾತ್ರ. ಬ್ಯಾಂಕ್ ದೂರ ಎಂಬ ನಿಮ್ಮ ಕಾರಣ ನಿಜವೇ ಇರಬಹುದು. ಹಾಗಿದ್ದರೆ ಮಂಡಳಿಯ ಮುಂದಿಟ್ಟು ಉಪವಿಧಿ ತಿದ್ದುಪಡಿಗೆ ಹೊರಡಿ. ತಿದ್ದುಪಡಿ ಆಗುವವರೆಗೆ ಇರುವ ಮಿತಿಯೇ ಮಿತಿ.

ಪಿಗ್ಮಿ ಬಗ್ಗೆ. 40 ಪಾಸ್‌ಬುಕ್ ತರಿಸಿ ಖತಾವಣಿಯ ಜೊತೆ ತಾಳೆ ನೋಡಿದೆವು. ಆರರಲ್ಲಿ ವ್ಯತ್ಯಾಸವಿದೆ, ಆರೂ ಒಬ್ಬರೇ ಏಜೆಂಟರವು. ಆರೂ ಕಡೆ ಪಾಸ್‌ಬುಕ್‌ನಲ್ಲಿ ಜಾಸ್ತಿ, ಸಂಘದಲ್ಲಿ ಕಡಿಮೆ. ಐದಾರು ದಿನದ ವಸೂಲಿ ಒಟ್ಟಿಗೆ ಕಟ್ಟುವ ಅಭ್ಯಾಸ ಅವರದು, ಬರೀ ಅದಷ್ಟೇ ಕಾರಣವಿರಬಹುದು. ಆದರೆ ಠೇವಣಿದಾರರ ಕೈಯಲ್ಲಿರುವುದು ಸಂಘದ ಪಾಸ್‌ಬುಕ್. ಏಜೆಂಟರು ಕಟ್ಟಲಿ ಬಿಡಲಿ, ಅದರಲ್ಲಿ ಬರೆದ ಮೊತ್ತ ಕೊಡಬೇಕಾದವರು ನೀವೇ. ಅವರ ವ್ಯಾಪ್ತಿಯ ಎಲ್ಲ ಪಾಸ್‌ಬುಕ್‌ಗಳನ್ನೂ ಈ ತಿಂಗಳಲ್ಲೇ ತಾಳೆ ಮಾಡಿಸಿ. ಆ ಕೆಲಸಕ್ಕೆ ಅದೇ ಏಜೆಂಟರನ್ನು ಕಳಿಸಬೇಡಿ.

ಕಟ್ಟಡ ರಿಪೇರಿಯದು ಚಿಕ್ಕದು. ರೂ. 50,000 ದಾಟಿದ ಖರ್ಚಿಗೆ ಮೂರು ದರಪಟ್ಟಿ ಮತ್ತು ಮಂಡಳಿಯ ಠರಾವು ಬೇಕೆಂದು ನಿಮ್ಮ ನಿಯಮವೇ ಹೇಳುತ್ತದೆ. ಒಂದೇ ಗುತ್ತಿಗೆದಾರರ, ಒಂದೇ ದಿನಾಂಕದ ಮೂರು ಬಿಲ್ಲುಗಳು: 49,500, 49,200, 49,300. ನೋಡಿದ ಯಾರಿಗಾದರೂ ಏನನ್ನಿಸುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಚೆನ್ನಾಗಿ ಆಗಿದೆ, ಸೂರು ಸೋರುತ್ತಿಲ್ಲ. ಮಂಡಳಿಯಿಂದ ಘಟನೋತ್ತರ ಮಂಜೂರಾತಿ ಪಡೆದು ಅದರ ಪ್ರತಿ ಕಳಿಸಿ.

ಬ್ಯಾಂಕ್ ಸಮನ್ವಯ ಪಟ್ಟಿಯ ಬಗ್ಗೆ ಎತ್ತಿದ್ದ ಆಕ್ಷೇಪಣೆಯನ್ನು ಕೈಬಿಟ್ಟಿದ್ದೇನೆ. ನೀವು ಕಳಿಸಿದ ದಾಖಲೆ ಸಾಕಾಗುತ್ತದೆ. ಮೇಲಿನ ನಾಲ್ಕನ್ನೂ ಮಹಾಸಭೆಗೆ ಮುಂಚೆ ವರದಿಯಿಂದ ತೆಗೆಯಬೇಕೆಂಬ ಕೋರಿಕೆಯನ್ನು ಮಾತ್ರ ಒಪ್ಪಲಾರೆ. ಆದರೆ ಸರಿಪಡಿಸಿದ್ದನ್ನು ಸರಿಪಡಿಸಲಾಗಿದೆ ಎಂದು ಅದೇ ಪುಟದಲ್ಲಿ ನಮೂದಿಸುತ್ತೇನೆ. ಸದಸ್ಯರು ಅದನ್ನೂ ಓದುತ್ತಾರೆ.

ಸುಸ್ತಿ ಬಡ್ಡಿಗೆ ಅವಕಾಶ ಕಲ್ಪಿಸಿ ತಿದ್ದಿದ ಲಾಭ-ನಷ್ಟ ಪಟ್ಟಿ, ಎಂಟು ಸಾಲಗಳನ್ನು ಮರಳಿ ಸುಸ್ತಿಗೆ ಸೇರಿಸಿದ ಪಟ್ಟಿ ಮತ್ತು ಉಳಿದವುಗಳ ಅನುಪಾಲನಾ ವರದಿಯನ್ನು 05-08-2024ರೊಳಗೆ ಕಳಿಸಿಕೊಡಿ. ಲಾಭ ವಿಲೇವಾರಿಯ ಅಂಕಿಗಳು ಬದಲಾಗುವುದರಿಂದ ಮಹಾಸಭೆಯ ನೋಟೀಸನ್ನು ಅಲ್ಲಿಯವರೆಗೆ ಮುದ್ರಣಕ್ಕೆ ಕೊಡಬೇಡಿ. ಡಿವಿಡೆಂಡ್ ವಿಷಯವನ್ನು ಅಧ್ಯಕ್ಷರಿಗೆ ಹೇಳುವುದು ನಿಮಗೆ ಮುಜುಗರ ಎನಿಸಿದರೆ, ಮಂಡಳಿಯ ಸಭೆಗೆ ನನ್ನನ್ನು ಕರೆಯಿರಿ. ನಾನೇ ಬಂದು ಹೇಳುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಲೆಕ್ಕಪರಿಶೋಧಕರು

ಪ್ರತಿ: ಅಧ್ಯಕ್ಷರು, ಆಡಳಿತ ಮಂಡಳಿ